39 ಚೌಕಗಳಲ್ಲಿ ಒಬ್ಬ ಹುಡುಗನ ಮೂರು ಕೆಲಸ

ಓದುತ್ತಾ ಎರಡು ಮೂರು ಕಡೆ ದುಡಿದ ಮಕ್ಕಳು ಮೈಸೂರಿನ ನನ್ನ ಕೊಠಡಿಗೆ ಜಾಸ್ತಿ ಬರುತ್ತಿದ್ದಾರೆ. ನಿಜವಾಗಿ ಬೆವರು ಸುರಿಸಿದವರು. ಆದರೆ ರೆಸ್ಯೂಮೆಯಲ್ಲಿ ತಾರೀಖು ಸಿಕ್ಕು ಮಾಡಿಕೊಂಡು, ಇಂಟರ್ವ್ಯೂನಲ್ಲಿ ಸುಳ್ಳುಗಾರರು ಅನ್ನಿಸಿಕೊಂಡು ವಾಪಸ್ ಬಂದಿರುತ್ತಾರೆ. ಅಂಥ ಒಂದು ಪ್ರಕರಣ ಇದು. ಹೆಸರು ಬದಲಿಸಿದ್ದೇನೆ, ಗುರುತು ಸಿಗುವಂಥ ವಿವರ ಬಿಟ್ಟಿದ್ದೇನೆ.

ಮಹೇಶ ಮಂಡ್ಯ ಕಡೆಯ ಹುಡುಗ, 21 ವರ್ಷ, ಬಿಕಾಂ ಆಗಿದೆ. ನನ್ನ ಹತ್ತಿರ ಬಂದದ್ದು 2024ರ ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ಎರಡು ಇಂಟರ್ವ್ಯೂ ಕೈತಪ್ಪಿತ್ತು. ಕೈಯಲ್ಲಿ ಎರಡು ರೆಸ್ಯೂಮೆ ಇತ್ತು, ಎರಡರಲ್ಲೂ ತಾರೀಖು ಬೇರೆ ಬೇರೆ.

ಮೊದಲನೆಯದರಲ್ಲಿ "ಅನುಭವ: 5 ವರ್ಷ 4 ತಿಂಗಳು" ಅಂತ ಇತ್ತು. ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಲ್ಲಿಂಗ್ 24 ತಿಂಗಳು, ಮನೆಪಾಠ 22 ತಿಂಗಳು, ಒಬ್ಬ ಅಕೌಂಟೆಂಟ್ ಹತ್ತಿರ ಜಿಎಸ್‌ಟಿ ಎಂಟ್ರಿ 18 ತಿಂಗಳು. ಮೂರನ್ನೂ ಕೂಡಿಸಿ 64 ಅಂತ ಬರೆದಿದ್ದ. ಡಿಸೆಂಬರ್ 2024ರಿಂದ 64 ತಿಂಗಳು ಹಿಂದಕ್ಕೆ ಎಣಿಸಿದರೆ ಸೆಪ್ಟೆಂಬರ್ 2019 ಬರುತ್ತದೆ. ಆಗ ಅವನು ಫಸ್ಟ್ ಪಿಯುಸಿ. ಇಂಟರ್ವ್ಯೂ ಮಾಡಿದವರು ಅದನ್ನೇ ಕೇಳಿದ್ದಾರೆ, ಇವನಿಗೆ ಉತ್ತರ ಗೊತ್ತಾಗಿಲ್ಲ.

ಆಮೇಲೆ ಯಾರದೋ ಮಾತು ಕೇಳಿ ಎರಡನೆಯದನ್ನು ಮಾಡಿದ. ಒಂದು ಮುಗಿದ ಮೇಲೆ ಇನ್ನೊಂದು ಶುರುವಾದ ಹಾಗೆ ಮೂರೂ ಕೆಲಸವನ್ನು ಸಾಲಾಗಿ ಜೋಡಿಸಿಬಿಟ್ಟ. ಅಂಗಡಿ ಕೆಲಸ ಜನವರಿ 2023ರಿಂದ ಅಂತ ಬರೆದ. ಆದರೆ ಅಂಗಡಿಯವರು ಕೊಟ್ಟ ಪತ್ರದಲ್ಲಿ ಜನವರಿ 2022 ಅಂತಿದೆ. ಎದುರಿಗಿದ್ದವರು ಎರಡನ್ನೂ ಪಕ್ಕಪಕ್ಕ ಇಟ್ಟು, ಇದರಲ್ಲಿ ಯಾವುದು ನಿಜ ಅಂತ ಕೇಳಿದರು. ಅಲ್ಲಿಗೆ ಅದೂ ಮುಗಿಯಿತು.

ಯಾಕಪ್ಪ ಹೀಗೆ ಮಾಡಿದೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಮೇಡಂ, ಇದ್ದದ್ದು ಇದ್ದಂಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದ್ದರು ಅಂತಾರಲ್ಲ, ಹಂಗಾಯ್ತು. ಒಂದೇ ಟೈಮಲ್ಲಿ ಕಾಲೇಜು, ಅಂಗಡಿ, ಟ್ಯೂಷನ್ನು ಅಂದ್ರೆ ಯಾರು ನಂಬ್ತಾರೆ? ಅದಕ್ಕೆ ನಂಬೋ ಥರ ಜೋಡಿಸ್ದೆ."

ಆ ಮಾತು ನನ್ನನ್ನು ತುಂಬಾ ಕಾಡಿತು. ಈ ಹುಡುಗನಿಗೆ ಮೋಸ ಮಾಡುವ ಮನಸ್ಸಿರಲಿಲ್ಲ. ತನ್ನ ನಿಜವೇ ಸುಳ್ಳಿನ ಹಾಗೆ ಕಾಣುತ್ತದೆ ಅಂತ ಹೆದರಿದ್ದ.

ಉಪದೇಶ ಬಿಟ್ಟು, ಲೆಕ್ಕದ ಪುಸ್ತಕದ ಚೌಕಳಿ ಹಾಳೆ ತೆಗೆದೆ. ಒಂದು ಚೌಕ ಅಂದರೆ ಒಂದು ತಿಂಗಳು. ಬಿಕಾಂ ಸೇರಿದ ಅಕ್ಟೋಬರ್ 2021ರಿಂದ ಡಿಸೆಂಬರ್ 2024ರವರೆಗೆ ಅಡ್ಡಕ್ಕೆ 39 ಚೌಕ. ಕೆಳಗೆ ನಾಲ್ಕು ಸಾಲು: ಓದು, ಅಂಗಡಿ, ಮನೆಪಾಠ, ಜಿಎಸ್‌ಟಿ ಎಂಟ್ರಿ. ನೆನಪಿನಿಂದ ತುಂಬಬೇಡ, ಅಂಗಡಿ ಪತ್ರ, ಮಾರ್ಕ್ಸ್ ಕಾರ್ಡು, ಫೋನ್‌ಪೇಯಲ್ಲಿ ದುಡ್ಡು ಬಂದ ದಿನ ನೋಡಿಕೊಂಡು ತುಂಬು ಅಂದೆ.

ಓದಿನ ಸಾಲಲ್ಲೇ ಮೊದಲ ತಪ್ಪು ಸಿಕ್ಕಿತು. ಮಾರ್ಕ್ಸ್ ಕಾರ್ಡ್ ಕೈಗೆ ಬಂದ ಅಕ್ಟೋಬರನ್ನು ಓದು ಮುಗಿದ ತಿಂಗಳು ಅಂತ ಬರೆದಿದ್ದ. ಕಾರ್ಡಿನ ಮೇಲೆ ಪರೀಕ್ಷೆಯ ತಿಂಗಳು ಆಗಸ್ಟ್ 2024 ಅಂತ ಅಚ್ಚಾಗಿದೆ. ಪರಿಶೀಲಿಸುವವರ ಕಣ್ಣಿಗೆ ಬೀಳುವುದು ಅದೇ, ಹಾಗಾಗಿ ಅದನ್ನೇ ಹಾಕಿಸಿದೆ. ಓದು 35 ಚೌಕ ಆಯಿತು.

ಅಂಗಡಿ ಜನವರಿ 2022ರಿಂದ ಡಿಸೆಂಬರ್ 2023, ಸರಿಯಾಗಿ 24 ಚೌಕ. ಮನೆಪಾಠ ಜೂನ್ 2022ರಿಂದ ಮಾರ್ಚ್ 2024, ಆದರೆ ನಡುವೆ ಏಪ್ರಿಲ್, ಮೇ ರಜೆ. ಆ ಎರಡು ಚೌಕ ಖಾಲಿ ಬಿಡಿಸಿದೆ, 22 ಹೋಗಿ 20 ಆಯಿತು. ಪರೀಕ್ಷೆ ಅಂತ ಅಂಗಡಿಗೆ ಹತ್ತು ದಿನ ರಜೆ ಹಾಕಿದ್ದಕ್ಕೆ ಮಾತ್ರ ಚೌಕ ಖಾಲಿ ಬಿಡಬೇಕಾಗಿಲ್ಲ, ಅದು ಕೆಲಸದಲ್ಲಿದ್ದುಕೊಂಡೇ ಹಾಕಿದ ರಜೆ. ಜಿಎಸ್‌ಟಿ ಎಂಟ್ರಿ ಜುಲೈ 2023ರಿಂದ ಡಿಸೆಂಬರ್ 2024ರವರೆಗೆ 18.

ಈಗ ಹಾಳೆಯನ್ನು ಮೇಲಿಂದ ಕೆಳಕ್ಕೆ ನೋಡು ಅಂದೆ. ನವೆಂಬರ್ 2023ರಲ್ಲಿ ನಾಲ್ಕೂ ಚೌಕ ತುಂಬಿವೆ. ಆ ತಿಂಗಳ ಒಂದು ದಿನ ಹೇಳು. ಬೆಳಿಗ್ಗೆ 6ರಿಂದ 7:30 ಪಾಠ. ಆಮೇಲೆ ಕಾಲೇಜು, ಮಧ್ಯಾಹ್ನ 3:30ರವರೆಗೆ. ಸಂಜೆ 5ರಿಂದ 9 ಅಂಗಡಿ. ಜಿಎಸ್‌ಟಿ ಕೆಲಸ ದಿನಾ ಇರುವುದಿಲ್ಲ. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ರಿಟರ್ನ್ ಸಲ್ಲಿಸಬೇಕಾದ್ದರಿಂದ ಆ ತಾರೀಖುಗಳ ಹಿಂದಿನ ಮೂರು ನಾಲ್ಕು ರಾತ್ರಿ, ಅಷ್ಟೇ. ಹೇಳುತ್ತಾ ಹೇಳುತ್ತಾ ಹುಡುಗ ನೆಟ್ಟಗೆ ಕೂತ. ಒಂದಕ್ಕೊಂದು ಎಲ್ಲೂ ಡಿಕ್ಕಿ ಹೊಡೆಯುತ್ತಿಲ್ಲ ಅಲ್ವಾ?

ಇವನ ರೆಸ್ಯೂಮೆಯಲ್ಲಿ ಇಲ್ಲದಿದ್ದದ್ದು ಇದೇ, ಗಂಟೆಗಳು. ಬರೀ ತಿಂಗಳು ಬರೆದರೆ ಮೂರೂ ಪೂರ್ತಿ ದಿನದ ಕೆಲಸದ ಹಾಗೆ ಕಾಣುತ್ತದೆ, ಆಗ ಅನುಮಾನ ಬರುವುದು ಸಹಜ. ಕೊನೆಗೆ ಹೀಗೆ ಬರೆಸಿದೆ (ಅವನದು ಇಂಗ್ಲಿಷಿನಲ್ಲಿದೆ):

ಜುಲೈ 2023 – ಡಿಸೆಂಬರ್ 2024 (ಮುಂದುವರಿದಿದೆ): ಜಿಎಸ್‌ಟಿ ಎಂಟ್ರಿ, ಅರೆಕಾಲಿಕ, ತಿಂಗಳಿಗೆ ಸುಮಾರು 8 ದಿನ, ರಾತ್ರಿ
ಜೂನ್ 2022 – ಮಾರ್ಚ್ 2024 (ಏಪ್ರಿಲ್, ಮೇ ರಜೆ): ಮನೆಪಾಠ, ವಾರಕ್ಕೆ 9 ಗಂಟೆ, ಬೆಳಿಗ್ಗೆ
ಜನವರಿ 2022 – ಡಿಸೆಂಬರ್ 2023: ಅಂಗಡಿ ಬಿಲ್ಲಿಂಗ್, ಅರೆಕಾಲಿಕ, ವಾರಕ್ಕೆ 24 ಗಂಟೆ, ಸಂಜೆ

ಓದು ಬೇರೆ ತಲೆಬರಹದ ಕೆಳಗೆ. ಅಂಗಡಿ ಕೆಲಸವೇ ದೊಡ್ಡದು, ಅದನ್ನು ಮೇಲೆ ಹಾಕಲಾ ಅಂತ ಕೇಳಿದ. ಬೇಡ ಅಂದೆ. ಯಾವುದು ಕೊನೆಗೆ ಮುಗಿಯಿತೋ ಅದು ಮೇಲೆ. ಒಂದರ ಮೇಲೊಂದು ಬಿದ್ದ ಕೆಲಸಗಳಲ್ಲಿ ಈ ಕ್ರಮ ತಪ್ಪಿದರೆ ಓದುವವರು ತಾರೀಖು ಹುಡುಕುತ್ತಾ ದಾರಿ ತಪ್ಪುತ್ತಾರೆ. ಬರೀ "2022–2023" ಅಂತಲೂ ಬೇಡ. ಅದು 24 ತಿಂಗಳೂ ಆಗಬಹುದು, ಡಿಸೆಂಬರಿಂದ ಜನವರಿಗೆ ಬರೀ ಎರಡು ತಿಂಗಳೂ ಆಗಬಹುದು.

ಒಟ್ಟು ಅನುಭವಕ್ಕೆ ಮೂರು ಕೆಲಸದ ಸಾಲಿನಲ್ಲಿ ಒಂದಾದರೂ ತುಂಬಿರುವ ತಿಂಗಳನ್ನು ಒಂದೇ ಸಲ ಎಣಿಸಿದೆವು. ಜನವರಿ 2022ರಿಂದ ಡಿಸೆಂಬರ್ 2024, 36 ತಿಂಗಳು. "ಓದಿನ ಜೊತೆಗೆ ಅರೆಕಾಲಿಕ, 3 ವರ್ಷ" ಅಂತ ಹಾಕಿಸಿದೆ. "ಅರೆಕಾಲಿಕ" ಅನ್ನುವುದನ್ನು ಬಿಡಲೇಬಾರದು, ಯಾಕೆಂದರೆ ಏಪ್ರಿಲ್ 2024ರಿಂದ ಅವನ ಕೈಯಲ್ಲಿರುವುದು ತಿಂಗಳಿಗೆ 8 ರಾತ್ರಿಯ ಕೆಲಸ ಮಾತ್ರ.

ನೇಮಕಾತಿ ನೋಡಿಕೊಳ್ಳುವ ಗೆಳತಿಯೊಬ್ಬಳು ಈ ವಿಷಯದಲ್ಲಿ ನನ್ನ ಜೊತೆ ವಾದ ಮಾಡಿದಳು. ಇಷ್ಟೆಲ್ಲ ಯಾಕೆ, ಮನೆಪಾಠ ಕಿತ್ತುಹಾಕಿದರೆ ಗೊಂದಲವೇ ಇಲ್ಲ ಅಂತ. ರೆಸ್ಯೂಮೆಯಲ್ಲಿ ಬಿಡಬಹುದು, ನಾನು ಒಪ್ಪುತ್ತೇನೆ. ಎಲ್ಲ ಕೆಲಸವನ್ನೂ ಬರೆಯಿರಿ ಅನ್ನುವ ಅರ್ಜಿಯಲ್ಲಿ ಬಿಡಬಾರದು. ಆದರೆ ಬಿಡುವುದು ಬೇರೆ, ತಾರೀಖು ಸರಿಸುವುದು ಬೇರೆ. ಸರಿಸಿದ ತಾರೀಖನ್ನು ಒಂದು ಪತ್ರ ಹಿಡಿದುಬಿಡುತ್ತದೆ. ಪಿಎಫ್ ಕಟ್ಟಿದ ಕೆಲಸವಾದರೆ ಇಪಿಎಫ್‌ಒ ದಾಖಲೆಯಲ್ಲಿ ಸೇರಿದ, ಬಿಟ್ಟ ದಿನ ಎರಡೂ ಇರುತ್ತವೆ. ಮಹೇಶನ ಮನೆಪಾಠವನ್ನು ನಾನು ಉಳಿಸಿದ್ದಕ್ಕೆ ಕಾರಣ ಇದೆ. ಅವನು ಹೇಳಿಕೊಡುತ್ತಿದ್ದದ್ದು ಪಿಯುಸಿ ಅಕೌಂಟೆನ್ಸಿ, ಅರ್ಜಿ ಹಾಕುತ್ತಿರುವುದು ಅಕೌಂಟ್ಸ್ ಕೆಲಸಕ್ಕೆ.

ಇನ್ನೊಂದು ಮಾತೂ ಹೇಳಿದೆ. ಪೂರ್ತಿ ದಿನದ ಕೆಲಸ ಸಿಕ್ಕರೆ, ನೇಮಕಾತಿ ಪತ್ರದಲ್ಲಿ ಬೇರೆ ಕಡೆ ದುಡಿಯಬಾರದು ಅಂತ ಇದೆಯಾ ನೋಡು. ಇದ್ದರೆ ಮೊದಲೇ ಕೇಳಿ ಅನುಮತಿ ತಗೋ, ಸಿಗದಿದ್ದರೆ ಜಿಎಸ್‌ಟಿ ಸಾಲನ್ನು ಆ ತಿಂಗಳಿಗೇ ನಿಲ್ಲಿಸು. "ಮುಂದುವರಿದಿದೆ" ಅಂತ ಇಟ್ಟುಕೊಂಡು ಸೇರಬೇಡ.

ಉಳಿದದ್ದು ಮನೆಪಾಠಕ್ಕೆ ಪುರಾವೆ. ಅದಕ್ಕೆ ಪತ್ರ ಕೊಡುವವರಿಲ್ಲ. ಇಬ್ಬರು ಮಕ್ಕಳ ತಂದೆ ತಾಯಿಯನ್ನು, ಯಾರಾದರೂ ಫೋನ್ ಮಾಡಿದರೆ ಹೇಳುತ್ತೀರಾ ಅಂತ ಕೇಳಿ ಬರಲು ಕಳಿಸಿದೆ. ಒಬ್ಬರು ಒಪ್ಪಿದ್ದಾರೆ. ಹೋಗುವಾಗ ಆ ಚೌಕಳಿ ಹಾಳೆ ತನಗೇ ಬೇಕು ಅಂದ, ಮಡಿಸಿ ಮಾರ್ಕ್ಸ್ ಕಾರ್ಡಿನ ಕವರಿನಲ್ಲಿ ಇಟ್ಟುಕೊಂಡ.