ಲಾಕ್-ಇನ್ ಇರಲಿ, ನೋಟಿಸಿನ ವಾಕ್ಯವನ್ನು ತಿದ್ದಿಸಿ

ಪ್ರಶ್ನೆ: ಶಿವಮೊಗ್ಗದಲ್ಲಿ ಮನೆ ಬಾಡಿಗೆಗೆ ಹಿಡಿಯುತ್ತಿದ್ದೇನೆ. 11 ತಿಂಗಳ ಕರಾರು, ಅದರಲ್ಲಿ ಮೊದಲ 6 ತಿಂಗಳು ಮನೆ ಬಿಡುವಂತಿಲ್ಲ ಎಂಬ ಲಾಕ್-ಇನ್, 2 ತಿಂಗಳ ನೋಟಿಸ್. ಅಡ್ವಾನ್ಸ್ ಕೂಡ ಜಾಸ್ತಿ ಕೇಳುತ್ತಿದ್ದಾರೆ. ಲಾಕ್-ಇನ್ ತೆಗೆಸಬೇಕೋ, ಅಡ್ವಾನ್ಸ್ ಇಳಿಸಬೇಕೋ?

ಎರಡನ್ನೂ ಸದ್ಯಕ್ಕೆ ಬದಿಗಿಟ್ಟು, ನೋಟಿಸಿನ ಷರತ್ತನ್ನು ಒಮ್ಮೆ ನಿಧಾನವಾಗಿ ಓದಿ. ವಿನೋಬನಗರದಲ್ಲಿ ನಾನು ಹಿಡಿದಿದ್ದ ಮೊದಲ ಮಹಡಿಯ ಮನೆಗೂ ಇದೇ ನಮೂನೆಯ ಕರಾರು ಆಗಿತ್ತು. ಬಾಡಿಗೆ ತಿಂಗಳಿಗೆ 9,000 ರೂಪಾಯಿ, ಮೇಂಟೆನೆನ್ಸ್ 600, ಅಡ್ವಾನ್ಸ್ 60,000, ಆಗಸ್ಟ್ 1ರಿಂದ ಆರಂಭ. ಮನೆ ಬಿಟ್ಟಾಗ ನನ್ನ ಕೈಗೆ ಬಂದದ್ದು 31,800. ಬಾಡಿಗೆಯನ್ನು ಒಂದು ತಿಂಗಳೂ ತಡಮಾಡಿರಲಿಲ್ಲ, ಮನೆಗೆ ಯಾವ ಹಾನಿಯೂ ಆಗಿರಲಿಲ್ಲ.

ಹೆಚ್ಚಿನ ಹಣ ಕಳೆದದ್ದು ಒಂದೇ ವಾಕ್ಯದಲ್ಲಿ. ಅದು ಹೀಗಿತ್ತು: "ಆರು ತಿಂಗಳ ಲಾಕ್-ಇನ್ ಅವಧಿ ಮುಗಿದ ನಂತರ ಉಭಯ ಪಕ್ಷಕಾರರಲ್ಲಿ ಯಾರೇ ಆಗಲಿ ಎರಡು ಕ್ಯಾಲೆಂಡರ್ ತಿಂಗಳ ಲಿಖಿತ ನೋಟಿಸ್ ನೀಡಿ ಈ ಕರಾರನ್ನು ರದ್ದುಪಡಿಸಬಹುದು." ಕೋರ್ಟಿನ ಬಳಿ ಟೈಪ್ ಮಾಡಿಸಿದ ಕರಾರುಗಳಲ್ಲಿ ಈ ವಾಕ್ಯ ಅಚ್ಚು ಹಾಕಿದಂತೆ ಇರುತ್ತದೆ, ಓದುವಾಗ ಯಾರಿಗೂ ಅನುಮಾನ ಬರುವುದಿಲ್ಲ. ನನಗೆ ವರ್ಗಾವಣೆಯಾಯಿತು. ಲಾಕ್-ಇನ್ ಜನವರಿ 31ಕ್ಕೆ ಮುಗಿಯುತ್ತದೆ, ಡಿಸೆಂಬರ್ ಮತ್ತು ಜನವರಿ ಎರಡು ಪೂರ್ಣ ತಿಂಗಳುಗಳಾಗುತ್ತವೆ ಎಂದು ಲೆಕ್ಕ ಹಾಕಿ, ನವೆಂಬರ್ 28ರಂದು ಪತ್ರ ಬರೆದು ಕೊಟ್ಟೆ. ಮನೆಯ ಮಾಲೀಕರು ಪತ್ರವನ್ನು ಓದಿ, ಕನ್ನಡಕ ತೆಗೆದು, "ಮೇಷ್ಟ್ರೇ, ಮುಗಿದ ನಂತರ ಅಂತ ಇದೆಯಲ್ಲ, ಈಗಲೇ ಹೇಗೆ ಕೊಡ್ತೀರಿ?" ಎಂದರು.

ಅವರ ಓದಿನ ಪ್ರಕಾರ ಲಾಕ್-ಇನ್ ಮುಗಿಯುವವರೆಗೆ ನೋಟಿಸ್ ಕೊಡುವ ಹಕ್ಕೇ ನನಗೆ ಹುಟ್ಟುವುದಿಲ್ಲ. ಫೆಬ್ರವರಿ 1ರಂದು ಕೊಟ್ಟರೆ ಮಾರ್ಚ್ 31ಕ್ಕೆ ಬಿಡುಗಡೆ. ನನ್ನ ಓದಿನ ಪ್ರಕಾರ "ಮುಗಿದ ನಂತರ" ಎಂಬುದು ಕರಾರು ರದ್ದಾಗುವ ದಿನಕ್ಕೆ ಅನ್ವಯಿಸುತ್ತದೆ, ನೋಟಿಸ್ ಕೊಡುವ ದಿನಕ್ಕಲ್ಲ. ಆ ವಾಕ್ಯ ಎರಡು ಅರ್ಥಕ್ಕೂ ಎಡೆಕೊಡುತ್ತದೆ, ಅಡ್ವಾನ್ಸ್ ಮಾತ್ರ ಅವರ ಕೈಯಲ್ಲಿತ್ತು. ಆರು ತಿಂಗಳ ಲಾಕ್-ಇನ್ ಹೀಗೆ ಎಂಟು ತಿಂಗಳಾಯಿತು. ಎರಡು ತಿಂಗಳ ಬಾಡಿಗೆ 18,000, "ಕರಾರು ಜಾರಿಯಲ್ಲಿರುವವರೆಗೆ" ಎಂದು ಬರೆದಿದ್ದ ಮೇಂಟೆನೆನ್ಸ್ 1,200, ಪೇಂಟಿಂಗಿಗೆ 9,000. ಕೂಡಿಸಿದರೆ 28,200.

ನ್ಯಾಯಾಲಯಕ್ಕೆ ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಭಾರತೀಯ ಕರಾರು ಕಾಯ್ದೆ, 1872ರ 74ನೇ ಕಲಮಿನ ಪ್ರಕಾರ, ಕರಾರಿನಲ್ಲಿ ದಂಡದ ಮೊತ್ತವನ್ನು ಬರೆದಿದ್ದರೂ ನ್ಯಾಯಾಲಯ ಕೊಡಿಸುವುದು ಆ ಮಿತಿಯೊಳಗಿನ ಸಮಂಜಸ ಪರಿಹಾರವನ್ನು ಮಾತ್ರ. ನಾನು ಖಾಲಿ ಮಾಡಿದ ಮನೆಗೆ ಫೆಬ್ರವರಿಯಲ್ಲೇ ಬೇರೆ ಕುಟುಂಬ ಬಂದು ಸೇರಿತು. ಆ ಮೇಲಿನ ದಿನಗಳಿಗೆ ಮಾಲೀಕರಿಗೆ ನಷ್ಟವೇ ಇರಲಿಲ್ಲ. ಆದರೆ ಇಷ್ಟು ಹಣಕ್ಕಾಗಿ ದಾವೆ ಹೂಡಿ, ಬೇರೆ ಊರಿನಿಂದ ತಾರೀಖಿಗೆ ಓಡಾಡುವ ಖರ್ಚು ಹಣವನ್ನೇ ನುಂಗಿಬಿಡುತ್ತದೆ. ಆದ್ದರಿಂದ ಜಗಳವನ್ನು ಸಹಿಗೆ ಮೊದಲೇ ಕಾಗದದ ಮೇಲೆ ಮುಗಿಸಬೇಕು.

ಲಾಕ್-ಇನ್ ತೆಗೆಸುವ ಹಟ ನಿಮಗೆ ಬೇಡ ಎಂಬುದು ನನ್ನ ಅಭಿಪ್ರಾಯ. ಎರಡೂ ಕಡೆಗೆ ಅನ್ವಯಿಸುವಂತೆ ಬರೆದ ಲಾಕ್-ಇನ್ ನಿಮಗೂ ರಕ್ಷಣೆ. ಮಳೆಗಾಲದ ನಡುವೆ ಮನೆ ಬಿಡಿ ಎಂದು ಯಾರೂ ಹೇಳುವಂತಿಲ್ಲ. ಹಾಗೆ ಬರೆದಿಲ್ಲದಿದ್ದರೆ ಬರೆಸಿ. ಅದರ ಜೊತೆಗೆ ನೋಟಿಸಿನ ಷರತ್ತನ್ನು ಹೀಗೆ ಬದಲಾಯಿಸಲು ಕೇಳಿ: "ಲಾಕ್-ಇನ್ ಅವಧಿಯ ಒಳಗೂ ನೋಟಿಸ್ ನೀಡಬಹುದು, ಆದರೆ ಕರಾರು ರದ್ದಾಗುವ ದಿನಾಂಕವು ಲಾಕ್-ಇನ್ ಅವಧಿಯ ಕೊನೆಯ ದಿನಕ್ಕಿಂತ ಮೊದಲಿನದಾಗಿರಕೂಡದು. ನೋಟಿಸಿನ ಅವಧಿಯನ್ನು ಅದು ತಲುಪಿದ ದಿನದಿಂದ 60 ದಿನಗಳೆಂದು ಎಣಿಸತಕ್ಕದ್ದು." "ಕ್ಯಾಲೆಂಡರ್ ತಿಂಗಳು" ಎಂದಿದ್ದರೆ 5ನೇ ತಾರೀಖು ಕೊಟ್ಟ ನೋಟಿಸನ್ನು ಮುಂದಿನ ತಿಂಗಳ 1ರಿಂದ ಎಣಿಸುವ ವಾದಕ್ಕೆ ಅವಕಾಶವಾಗುತ್ತದೆ, ದಿನಗಳಲ್ಲಿ ಬರೆದರೆ ಆ ವಾದ ಹುಟ್ಟುವುದಿಲ್ಲ. ಬೇರೆ ಒಪ್ಪಂದವೇ ಇಲ್ಲದ ವಾಸದ ಮನೆಗೆ ಸ್ವತ್ತು ವರ್ಗಾವಣೆ ಕಾಯ್ದೆ, 1882ರ 106ನೇ ಕಲಮು ಹೇಳುವುದೂ ತಲುಪಿದ ದಿನದಿಂದ 15 ದಿನ ಎಂದೇ. ನೀವು 60 ದಿನಕ್ಕೆ ಒಪ್ಪುತ್ತಿರುವುದು ಮಾಲೀಕರ ಪರವಾಗಿಯೇ ಇದೆ ಎಂಬುದನ್ನು ಅವರಿಗೆ ವಿನಯದಿಂದ ತಿಳಿಸಿ.

ಇನ್ನೊಂದು ವಾಕ್ಯವನ್ನೂ ಸೇರಿಸಿ: ನೋಟಿಸಿನ ಅವಧಿಗೆ ಮೊದಲೇ ಮನೆ ಖಾಲಿಯಾಗಿ ಹೊಸ ಬಾಡಿಗೆದಾರರು ಬಂದರೆ, ಆ ದಿನದಿಂದ ಹಳೆಯ ಬಾಡಿಗೆದಾರರ ಬಾಡಿಗೆ ಮತ್ತು ಮೇಂಟೆನೆನ್ಸ್ ಹೊಣೆ ನಿಲ್ಲುತ್ತದೆ. ನ್ಯಾಯವಾಗಿ ನಡೆದುಕೊಳ್ಳುವ ಮಾಲೀಕರು ಇದಕ್ಕೆ ತಕರಾರು ಎತ್ತುವುದಿಲ್ಲ. ನೋಟಿಸನ್ನು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿ ಸುಮ್ಮನಾಗಬೇಡಿ. ಕೈಯಲ್ಲಿ ಕೊಟ್ಟು ಪ್ರತಿಯ ಮೇಲೆ ದಿನಾಂಕ ಸಹಿತ ಸಹಿ ಪಡೆಯಿರಿ, ಇಲ್ಲವೇ ಸ್ಪೀಡ್ ಪೋಸ್ಟ್ ಮಾಡಿ ತಲುಪಿದ ದಾಖಲೆ ಇಟ್ಟುಕೊಳ್ಳಿ.

ಅಡ್ವಾನ್ಸಿನ ಮೊತ್ತದ ವಿಷಯದಲ್ಲಿ ಚೌಕಾಸಿ ಮಾಡಿ ನೋಡಿ, ಆದರೆ ಕಾನೂನನ್ನು ತೋರಿಸಿ ಇಳಿಸಲಾಗದು. ಎರಡು ತಿಂಗಳ ಬಾಡಿಗೆಯ ಮಿತಿ ಇರುವುದು 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ. ರಾಜ್ಯವು ಅದನ್ನು ತನ್ನ ಕಾನೂನಾಗಿ ತರದ ಹೊರತು ಅದು ಮಾಲೀಕರನ್ನು ಕಟ್ಟಿಹಾಕುವುದಿಲ್ಲ. ಮೊತ್ತಕ್ಕಿಂತ ಮುಖ್ಯವಾದದ್ದು ಅದರಿಂದ ಏನೇನನ್ನು ಹಿಡಿಯಬಹುದು ಎಂಬ ಪಟ್ಟಿ ಮತ್ತು ಕೀಲಿ ಕೊಟ್ಟ ದಿನವೇ ಉಳಿದದ್ದನ್ನು ಹಿಂತಿರುಗಿಸಬೇಕೆಂಬ ಮಾತು. ನನ್ನ ಕರಾರಿನಲ್ಲಿ ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಎಂದು ಮೊದಲೇ ಇದ್ದುದರಿಂದ ಅದರ ಬಗ್ಗೆ ದೂರಲಾರೆ. ಆದರೆ ಮಲೆನಾಡಿನಲ್ಲಿ ಆಷಾಢ ಶ್ರಾವಣದ ಮಳೆಗೆ ಪಶ್ಚಿಮದ ಗೋಡೆ ತೇವ ಹೀರಿ, ಬೀರುವಿನ ಹಿಂದೆ ಬೂಷ್ಟು ಬಂದು, ಸುಣ್ಣ ಪದರ ಪದರವಾಗಿ ಉದುರುವುದು ಮಾಮೂಲು. ಅದನ್ನು ಬಾಡಿಗೆದಾರರ ಹಾನಿಯೆಂದು ಎಣಿಸಿ ಪೇಂಟಿಂಗಿನ ಮೇಲೆ ಇನ್ನಷ್ಟು ಹಿಡಿಯಕೂಡದು ಎಂದು ಬರೆಸಿ, ಮನೆಗೆ ಕಾಲಿಡುವ ಮೊದಲೇ ಗೋಡೆ, ತಾರಸಿಯ ಸೋರಿಕೆಯ ಕಲೆ ಮತ್ತು ಮೆಸ್ಕಾಂ ಮೀಟರಿನ ಅಂಕಿಯ ಫೋಟೊ ತೆಗೆದು ಮಾಲೀಕರಿಗೆ ಕಳುಹಿಸಿಡಿ.

ಮೇಂಟೆನೆನ್ಸ್ ಎಂದರೆ ಏನೇನು ಎಂದು ಬರೆಯದೆ ಬರೀ ಮೊತ್ತವನ್ನು ಬರೆಯಲು ಬಿಡಬೇಡಿ. ಬೋರ್‌ವೆಲ್ ಮೋಟರಿನ ಕರೆಂಟು, ಮೆಟ್ಟಿಲ ಲೈಟು, ಗುಡಿಸುವ ಕೂಲಿ ಅದರಲ್ಲಿ ಬರಬಹುದು. ತಾರಸಿ ಸೋರಿಕೆಯ ದುರಸ್ತಿ ಮತ್ತು ಮನೆ ಕಂದಾಯ ಮಾಲೀಕರದೇ ಎಂದು ಸ್ಪಷ್ಟಪಡಿಸಿ.

ಕೊನೆಯದಾಗಿ ನವೀಕರಣ. ಒಂದು ವರ್ಷ ಮೀರಿದ ಗೇಣಿ ಅಥವಾ ಬಾಡಿಗೆ ಪತ್ರಕ್ಕೆ ನೋಂದಣಿ ಕಡ್ಡಾಯವಾದ್ದರಿಂದಲೇ ಎಲ್ಲರೂ 11 ತಿಂಗಳು ಎಂದು ಬರೆಯುತ್ತಾರೆ. ಅದು ಮುಗಿದಾಗ ಅದೇ ಕಡತದಲ್ಲಿ ದಿನಾಂಕ ಮತ್ತು ಬಾಡಿಗೆಯನ್ನಷ್ಟೇ ಬದಲಾಯಿಸಿ ಪ್ರಿಂಟ್ ತೆಗೆದರೆ, ವರ್ಷದಿಂದ ಅದೇ ಮನೆಯಲ್ಲಿರುವ ನಿಮಗೆ ಇನ್ನೊಮ್ಮೆ ಆರು ತಿಂಗಳ ಲಾಕ್-ಇನ್ ಶುರುವಾಗುತ್ತದೆ. "ನವೀಕರಣಕ್ಕೆ ಲಾಕ್-ಇನ್ ಅನ್ವಯಿಸುವುದಿಲ್ಲ" ಎಂಬ ಸಾಲನ್ನು ಈಗಿನ ಕರಾರಿನಲ್ಲೇ ಹಾಕಿಸಿ.