ರಾತ್ರಿ ಡೈಪರ್ ಬಿಡಿಸೋಕೆ ಮಗುವನ್ನ ಎಬ್ಬಿಸಬೇಕೇನ್ರಿ?

"ಮಗಳಿಗೆ ಎರಡು ವರ್ಷ ಒಂಬತ್ತು ತಿಂಗಳು, ವಿಜಯಪುರದಾಗ ಇರ್ತೀವಿ. ಹಗಲೆಲ್ಲ ತಾನೇ ಹೇಳಿ ಬಚ್ಚಲಕ್ಕ ಹೋಗ್ತಾಳ. ರಾತ್ರಿ ಮಾತ್ರ ಮುಂಜಾನಿಗೆ ಡೈಪರ್ ತುಂಬಿರ್ತದ. ಹನ್ನೊಂದಕ್ಕೊಮ್ಮೆ, ಮೂರಕ್ಕೊಮ್ಮೆ ಎಬ್ಬಿಸು ಅಂತಾರ ನಮ್ಮ ಅತ್ತಿ. ಎಬ್ಬಿಸಿದ್ರ ಅಳ್ತಾಳ, ಆಮ್ಯಾಲ ತಾಸುಗಟ್ಟಲೆ ಮಲಗಂಗಿಲ್ಲ. ಎಬ್ಬಿಸಬೇಕೋ, ಡೈಪರ್ ಹಾಕಬೇಕೋ?"

ಡೈಪರ್ ಹಾಕಿರಿ, ಎಬ್ಬಿಸಬ್ಯಾಡ್ರಿ.

ಹಗಲು ಹೇಳಿ ಹೋಗುವುದು ಕಲಿಕೆ. ರಾತ್ರಿ ಒಣಗಿರುವುದು ಕಲಿಕೆಯಲ್ಲ, ಬೆಳವಣಿಗೆ. ದೊಡ್ಡವರಿಗೆ ರಾತ್ರಿ ವ್ಯಾಸೋಪ್ರೆಸಿನ್ ಎಂಬ ಹಾರ್ಮೋನ್ ಏರುತ್ತದೆ, ಮೂತ್ರಪಿಂಡ ಕಡಿಮೆ ಉಚ್ಚೆ ತಯಾರಿಸುತ್ತದೆ. ಚಿಕ್ಕ ಮಕ್ಕಳಲ್ಲಿ ಈ ಏರಿಳಿತ ಇನ್ನೂ ಕೂತಿರುವುದಿಲ್ಲ. ಅದರ ಜೊತೆಗೆ, ಮೂತ್ರಚೀಲ ತುಂಬಿದೆ ಎಂಬ ಸುದ್ದಿ ನಿದ್ದೆಯನ್ನು ಒಡೆದು ಮಿದುಳಿಗೆ ಮುಟ್ಟಬೇಕು. ಇವೆರಡೂ ಹಗಲಿನ ಅಭ್ಯಾಸದಿಂದ ಬೇಗ ಬರುವಂಥವಲ್ಲ.

ನಿಮ್ಮ ಮಗಳು ಈ ಬೆಳವಣಿಗೆಯಲ್ಲಿ ಎಲ್ಲಿಗೆ ಬಂದಿದ್ದಾಳೆ ಎಂದು ಅಡುಗೆಮನೆಯ ಡಿಜಿಟಲ್ ತಕ್ಕಡಿಯಿಂದಲೇ ತಿಳಿಯಬಹುದು. ಹೊಸ ಡೈಪರ್ ಒಮ್ಮೆ ತೂಗಿ ಬರೆದಿಡಿರಿ. ಮುಂಜಾನೆ ಎದ್ದ ಕೂಡಲೇ ಬಿಚ್ಚಿದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತೂಗಿರಿ. ಹೆಚ್ಚಿನ ಒಂದು ಗ್ರಾಂ ಅಂದರೆ ಸುಮಾರು ಒಂದು ಮಿಲಿ ಉಚ್ಚೆ. ಹೊಸದು 30 ಗ್ರಾಂ, ಮುಂಜಾನೆ 240 ಗ್ರಾಂ ಬಂತು ಅಂದುಕೊಳ್ಳಿರಿ. ರಾತ್ರಿಯ ಉಚ್ಚೆ 210 ಮಿಲಿ ಆಯಿತು. ಮಕ್ಕಳ ಮೂತ್ರಚೀಲಕ್ಕೆ ವೈದ್ಯರು ಬಳಸುವ ಅಂದಾಜು ಲೆಕ್ಕ ಹೀಗಿದೆ: ವಯಸ್ಸಿಗೆ ಒಂದು ಕೂಡಿಸಿ, 30ರಿಂದ ಗುಣಿಸಿದರೆ ಮಿಲಿ ಸಿಗುತ್ತದೆ. ನಿಮ್ಮ ಮಗಳಿಗೆ 2.75 + 1, ಅದನ್ನು 30ರಿಂದ ಗುಣಿಸಿದರೆ ಸುಮಾರು 112 ಮಿಲಿ. ಈ ಸಣ್ಣ ವಯಸ್ಸಿಗೆ ಇದು ಬರೀ ಅಂದಾಜು, ಆದರೂ ಚಿತ್ರ ಸ್ಪಷ್ಟವಾಗುತ್ತದೆ. 112 ಹಿಡಿಯುವ ಚೀಲಕ್ಕೆ 210 ಬಂದರೆ ರಾತ್ರಿಯೊಳಗೆ ಅದು ಒಮ್ಮೆಯಾದರೂ ಖಾಲಿಯಾಗಲೇಬೇಕು. ಗದರಿದರೂ, ಚಾಕೊಲೇಟಿನ ಆಸೆ ತೋರಿಸಿದರೂ ಹಿಡಿಯದ ಚೀಲ ಹಿಡಿಯುವುದಿಲ್ಲ. ಒಂದೇ ದಿನದ ತೂಕ ನಂಬಬೇಡಿರಿ. ನಾಲ್ಕೈದು ರಾತ್ರಿ ತೂಗಿರಿ, ರಾತ್ರಿ ಕಕ್ಕಸ ಮಾಡಿದ ದಿನ ಬಿಡಿರಿ.

ಅತ್ತೆಯವರ ಮಾತಿನಲ್ಲಿ ಪೂರ್ತಿ ಹುರುಳಿಲ್ಲ ಎನ್ನಲಾರೆ. ಎಬ್ಬಿಸಿದರೆ ಗಾದಿ ಉಳಿಯುತ್ತದೆ, ಅಷ್ಟು ಮಾತ್ರ. ಒಂಬತ್ತಕ್ಕೆ ಮಲಗುವ ಮಗುವಿಗೆ ರಾತ್ರಿಯ ಮೊದಲ ಮೂರನೇ ಒಂದು ಭಾಗದಲ್ಲೇ ಗಾಢನಿದ್ದೆ ಹೆಚ್ಚು. ಹನ್ನೊಂದು ಅದರ ನಟ್ಟನಡುವೆ ಬೀಳುತ್ತದೆ. ಆಗ ಎತ್ತಿದರೆ ಕಣ್ಣು ತೆರೆದಿದ್ದರೂ ಎಚ್ಚರ ಇರುವುದಿಲ್ಲ, ತಾಯಿಯ ಗುರುತೂ ಸಿಗದೆ ಒದರುತ್ತದೆ. ಬಚ್ಚಲದಲ್ಲಿ ಕೂಡ್ರಿಸಿದರೆ ಅರೆನಿದ್ದೆಯಲ್ಲೇ ಉಚ್ಚೆ ಹೊಯ್ಯುತ್ತದೆ. ನಿದ್ದೆಯಲ್ಲಿ ಹೊಯ್ಯುವುದನ್ನೇ ನಾವು ರೂಢಿ ಮಾಡಿಸಿದಂತಾಯಿತು. ಮೂರರ ಸುಮಾರಿಗೆ ನಿದ್ದೆ ತಿಳಿ, ಅದಕ್ಕೇ ಪೂರ್ತಿ ಎಚ್ಚರಾಗಿ ಒಂದು ತಾಸು ಆಡುತ್ತಾಳೆ. ತಾನಾಗಿ ಎದ್ದು "ಅವ್ವಾ" ಎಂದು ಕರೆದರೆ ಮಾತ್ರ ಕರೆದುಕೊಂಡು ಹೋಗಿರಿ. ಬಾಗಿಲ ಹತ್ತಿರ ಸಣ್ಣ ಹಳದಿ ದೀಪ ಇರಲಿ, ಉಚ್ಚೆಗೆ ಕೂಡ್ರಿಸುವ ಪಾಟಿ ಹಾಸಿಗೆಯ ಪಕ್ಕದಲ್ಲೇ ಇರಲಿ. ಟ್ಯೂಬ್‌ಲೈಟ್ ಹಾಕಿದರೆ ನಿದ್ದೆ ಹೋಯಿತೆಂದೇ ಲೆಕ್ಕ.

ಡೈಪರ್ ಹಾಕುವ ಹೊತ್ತು ಮುಖ್ಯ. ಬಹಳ ಮನೆಗಳಲ್ಲಿ ಏಳೂವರೆಗೇ ಹಾಕಿ ಬಿಡುತ್ತಾರೆ, ಆಮೇಲೆ ಮಗು ಎಚ್ಚರವಿದ್ದಾಗಲೇ ಅದರಲ್ಲಿ ಹೋಗುತ್ತದೆ. ಊಟವಾದ ಮೇಲೆ ಒಮ್ಮೆ ಬಚ್ಚಲಕ್ಕೆ, ಹಲ್ಲುಜ್ಜಿ ಅರ್ಧ ತಾಸಿನ ನಂತರ ಮತ್ತೊಮ್ಮೆ ಹೋಗಿ ಬರಲಿ. ಡೈಪರ್ ಆ ಎರಡನೆಯ ಸಲದ ನಂತರ, ದೀಪ ಆರಿಸುವ ಮುಂಚೆ. ಮುಂಜಾನೆ ಕಣ್ಣು ಬಿಟ್ಟ ಎರಡು ನಿಮಿಷದೊಳಗೆ ಬಿಚ್ಚಿ ಕೂಡ್ರಿಸಿರಿ. ಸೊಂಟದ ಮೇಲಿಂದ ಸೋರಿದರೆ ಅಳತೆ ಸಣ್ಣದಾಗಿದೆ, ಒಂದು ಸೈಜ್ ದೊಡ್ಡದು ತನ್ನಿರಿ. ತೊಡೆಯ ಹತ್ತಿರ ಸೋರಿದರೆ ಅಂಚಿನ ಜಾಲರಿ ಒಳಗೆ ಮಡಚಿಕೊಂಡಿರುತ್ತದೆ, ಬೆರಳಿನಿಂದ ಹೊರಗೆ ಎಳೆದುಬಿಡಿರಿ.

ಸೋರುವ ರಾತ್ರಿಗಾಗಿ ಹಾಸಿಗೆಯನ್ನು ಎರಡು ಪದರಾಗಿ ಹಾಸಿರಿ. ಗಾದಿ, ಅದರ ಮೇಲೆ ರಬ್ಬರ್ ಶೀಟ್, ಹತ್ತಿಯ ಹಾಸು, ಮತ್ತೆ ರಬ್ಬರ್ ಶೀಟ್, ಮತ್ತೆ ಹಾಸು. ಒದ್ದೆಯಾದರೆ ಮಗುವನ್ನು ಹೊರಳಿಸಿ ಮೇಲಿನ ಜೋಡಿ ಎಳೆದು ತೆಗೆದರೆ ಸಾಕು, ಕೆಳಗೆ ಒಣ ಹಾಸು ಸಿದ್ಧ ಇರುತ್ತದೆ. ಹೊದೆಯಲು ತೆಳು ದುಪಟಿ ಕೊಡಿರಿ. ಕೌದಿ ಒದ್ದೆಯಾದರೆ ಮಳೆಗಾಲದಲ್ಲಿ ಮೂರು ದಿನ ಒಣಗುವುದಿಲ್ಲ, ಒಗೆಯುವವರ ಸೊಂಟ ಬೇರೆ ಹೋಗುತ್ತದೆ.

ನೀರು ನಿಲ್ಲಿಸಬೇಡಿರಿ, ಅದರಲ್ಲೂ ನಮ್ಮ ಕಡೆಯ ಬೇಸಿಗೆಯಲ್ಲಿ. ಬರೀ ಹೊತ್ತು ಬದಲಿಸಿರಿ. ಸಂಜೆ ಐದರೊಳಗೆ ಹೆಚ್ಚಿನ ಪಾಲು ಕುಡಿಸಿ, ಮಲಗುವಾಗಿನ ಲೋಟ ಹಾಲು ಏಳಕ್ಕೆ ಸರಿಸಿರಿ. ರಾತ್ರಿ ರೊಟ್ಟಿಗೆ ಉಪ್ಪು ಖಾರದ ಚಟ್ನಿ, ಉಪ್ಪಿನಕಾಯಿ ಹಚ್ಚಿ ಕೊಟ್ಟರೆ ಮಲಗುವ ಮುಂಚೆ ನೀರು ಕೇಳದೆ ಇರುವುದಿಲ್ಲ. ಚಹಾದಲ್ಲಿ ಟೋಸ್ಟ್ ಅದ್ದಿ ಕೊಡುವುದು ಪೂರ್ತಿ ಬಿಡಿರಿ. ಮಲಬದ್ಧತೆಯನ್ನೂ ಗಮನಿಸಿರಿ: ಎರಡು ಮೂರು ದಿನಕ್ಕೊಮ್ಮೆ ಗಟ್ಟಿ ಉಂಡೆಗಳಾಗಿ ಹೋದರೆ, ತುಂಬಿದ ದೊಡ್ಡ ಕರುಳು ಮೂತ್ರಚೀಲವನ್ನು ಒತ್ತಿ ಅದರ ಜಾಗ ಕಡಿಮೆ ಮಾಡುತ್ತದೆ. ಅದು ಸರಿಯಾಗದೆ ರಾತ್ರಿ ಸರಿಯಾಗುವುದು ಕಷ್ಟ.

ಬಿಡಿಸುವ ಹೊತ್ತು ಬಂತೆಂದು ತಿಳಿಯಲು ನಸುಕಿನಲ್ಲಿ, ಆಕೆ ಏಳುವ ಒಂದು ತಾಸು ಮುಂಚೆ, ಎಬ್ಬಿಸದೆ ಡೈಪರಿನ ಮುಂಭಾಗ ಒತ್ತಿ ನೋಡಿರಿ. ಉಬ್ಬಿದ್ದು, ಜೆಲ್ ತಣ್ಣಗಾಗಿದ್ದರೆ ರಾತ್ರಿಯೇ ಹೋಗಿದ್ದಾಳೆ. ಇನ್ನೂ ತೆಳ್ಳಗೆ ಒಣಗಿದ್ದು, ಎದ್ದ ಮೇಲೆ ಬಿಸಿಯಾಗಿ ತುಂಬಿದ್ದರೆ ಕಥೆಯೇ ಬೇರೆ. ರಾತ್ರಿಯಿಡೀ ಹಿಡಿದುಕೊಂಡಿದ್ದಾಳೆ, ಎಚ್ಚರಾದ ಮೇಲೆ ರೂಢಿಯಿಂದ ಡೈಪರಿನಲ್ಲೇ ಬಿಟ್ಟಿದ್ದಾಳೆ. ಇಂಥ ಮಗು ಸಿದ್ಧವಾಗಿದೆ, ಆದರೆ ತುಂಬಿದ ಡೈಪರ್ ನೋಡಿ ತಂದೆತಾಯಿ ತಪ್ಪು ತಿಳಿಯುತ್ತಾರೆ. ಹೀಗೆ ಏಳೆಂಟು ನಸುಕು ಸಾಲಾಗಿ ಒಣಗಿದ್ದರೆ ಒಂದು ವಾರ ಡೈಪರ್ ಇಲ್ಲದೆ ಮಲಗಿಸಿ ನೋಡಿರಿ. ಚಳಿಗಾಲದಲ್ಲಿ ಬೆವರು ಕಡಿಮೆ, ಉಚ್ಚೆ ಹೆಚ್ಚು. ಡಿಸೆಂಬರಿಗಿಂತ ಫೆಬ್ರವರಿ ಕೊನೆಯಲ್ಲಿ ಶುರು ಮಾಡುವುದು ಮೇಲು. ಮೊದಲ ವಾರದಲ್ಲಿ ಮೂರು ರಾತ್ರಿ ಒದ್ದೆಯಾದರೆ ಗದ್ದಲವಿಲ್ಲದೆ ಡೈಪರಿಗೆ ಮರಳಿ, ಒಂದೆರಡು ತಿಂಗಳು ಬಿಟ್ಟು ಮತ್ತೆ ನೋಡಿರಿ.

ಐದು ವರ್ಷದವರೆಗೆ ಇದನ್ನು ರೋಗ ಎಂದು ವೈದ್ಯರು ಎಣಿಸುವುದಿಲ್ಲ. ಐದರಲ್ಲೂ ನೂರಕ್ಕೆ ಸುಮಾರು ಹದಿನೈದು ಮಕ್ಕಳು ಹಾಸಿಗೆ ಒದ್ದೆ ಮಾಡುತ್ತಾರೆ. ತಂದೆ ಅಥವಾ ತಾಯಿ ಬಾಲ್ಯದಲ್ಲಿ ಮಾಡುತ್ತಿದ್ದರೆ ಮಕ್ಕಳಲ್ಲಿ ಸಾಧ್ಯತೆ ಹೆಚ್ಚು. ಅತ್ತೆಯವರನ್ನೇ ನಿಮ್ಮ ಯಜಮಾನರ ಬಾಲ್ಯದ ಬಗ್ಗೆ ಕೇಳಿ ನೋಡಿರಿ. ಆದರೆ ಉಚ್ಚೆ ಹೊಯ್ಯುವಾಗ ಉರಿ, ಜ್ವರ, ಹಗಲೂ ಹನಿಹನಿ ಸೋರುವುದು ಇದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ ಉಚ್ಚೆ ಪರೀಕ್ಷೆ ಮಾಡಿಸಿರಿ. ತಿಂಗಳುಗಟ್ಟಲೆ ಒಣಗಿದ್ದ ಮಗು ಒಮ್ಮೆಲೇ ಒದ್ದೆ ಮಾಡತೊಡಗಿ, ನೀರಡಿಕೆ ಹೆಚ್ಚಾಗಿ, ತೂಕ ಇಳಿದರೆ ಅದೇ ದಿನ ರಕ್ತದ ಸಕ್ಕರೆ ತೋರಿಸಿರಿ, ನಾಳೆಗೆ ಬಿಡಬೇಡಿರಿ.