‘ಸಾಲಾ’ ಅಂದರೆ ಯಾಕೆ ಬೈಗುಳ?

ಪ್ರಶ್ನೆ: ಜಗಳ ಇಬ್ಬರು ಗಂಡಸರದ್ದು. ನಮ್ಮ ಕಡೆಯ ಭಾಷೆಗಳಲ್ಲಿ ಬೈಗುಳ ಮಾತ್ರ ಅಮ್ಮ, ಅಕ್ಕ-ತಂಗಿಯರ ಮೇಲೆ ಯಾಕೆ?

ಗಂಡಸಿನ ಮಾನ ಅವನ ಮನೆಯ ಹೆಂಗಸರ ಶೀಲದಲ್ಲಿದೆ ಅನ್ನುವ ನಂಬಿಕೆಯಿಂದ. ಅವಳ ಹೆಸರೆತ್ತಿದರೂ ಏಟು ಅವನಿಗೇ: ‘ನಿನ್ನ ಮನೆ ಹೆಂಗಸರನ್ನು ಕಾಯಲು ಆಗದವನು ನೀನು’.

ಹಿಂದಿಯ ‘ಸಾಲಾ’ ನೋಡಿ. ಅರ್ಥ ಹೆಂಡತಿಯ ಅಣ್ಣ ಅಥವಾ ತಮ್ಮ, ಅಷ್ಟೇ. ಆದರೆ ಸಂಬಂಧವೇ ಇಲ್ಲದವನನ್ನು ಹಾಗೆ ಕರೆದರೆ ‘ನಿನ್ನ ತಂಗಿ ನನ್ನ ಜೊತೆ ಮಲಗುತ್ತಾಳೆ’ ಎಂದಂತಾಯಿತು. ಜೊತೆಗೆ ಉತ್ತರ ಭಾರತದ ಹಲವು ಜಾತಿಗಳಲ್ಲಿ ಹೆಣ್ಣು ಕೊಟ್ಟವರು ಹೆಣ್ಣು ತಂದುಕೊಂಡವರಿಗಿಂತ ಒಂದು ಮೆಟ್ಟಿಲು ಕೆಳಗೆ ಅನ್ನುವ ಲೆಕ್ಕ ಬೇರೆ, ಹಾಗಾಗಿ ಒಂದೇ ಪದದಲ್ಲಿ ಎರಡು ಏಟು. ದಕ್ಷಿಣದಲ್ಲಿ ಸೋದರಮಾವನ ಅಥವಾ ಸೋದರತ್ತೆಯ ಮಕ್ಕಳನ್ನೇ ಮದುವೆಯಾಗುವ ರೂಢಿ ಇದ್ದ ಕಡೆ, ಕೊಟ್ಟವರೂ ತಂದವರೂ ಮೊದಲೇ ನೆಂಟರು. ಅದಕ್ಕೇ ಇರಬೇಕು, ತಮಿಳಿನ ‘ಮಚ್ಚಾನ್’ ಅದೇ ನೆಂಟಸ್ತಿಕೆಯ ಪದವಾದರೂ ಗೆಳೆಯನನ್ನು ಪ್ರೀತಿಯಿಂದ ಕರೆಯುವ ಮಾತಾಯಿತು. ನಮ್ಮ ಹುಡುಗರ ‘ಮಚ್ಚಾ’ ಅದೇ.

ಹಾಗಂತ ಕನ್ನಡ ಸಾಚಾ ಏನಲ್ಲ. ‘ಬೋಳಿಮಗ’ ಅನ್ನುವುದರಲ್ಲಿ ಬೋಳಿ ಅಂದರೆ ತಲೆ ಬೋಳಿಸಿದ ವಿಧವೆ. ಗಂಡನಿಲ್ಲದವಳಿಗೆ ಹುಟ್ಟಿದವನು, ಅಪ್ಪ ಯಾರೋ ಗೊತ್ತಿಲ್ಲ ಅನ್ನುವುದು ಇಲ್ಲಿನ ಚುಚ್ಚು. ಕುಲ, ಆಸ್ತಿ ಎರಡೂ ಅಪ್ಪನಿಂದ ಬರುವ ಕಡೆ ಇದು ಸಣ್ಣ ಮಾತಲ್ಲ. ಈಗ ಹೀಗೆ ಬೈಯುವವರಲ್ಲಿ ಜಾಸ್ತಿ ಜನರಿಗೆ ಆ ಅರ್ಥವೇ ನೆನಪಿಲ್ಲ, ಸುಮ್ನೆ ಬಾಯಿಗೆ ಬರುತ್ತೆ ಅಲ್ವಾ. ಆದರೂ ಗಂಡಸಿನ ತಲೆ ಬೋಳಿಸಿದ್ದು ಯಾಕೋ ಬೈಗುಳ ಆಗಲೇ ಇಲ್ಲ.